ಸಿಟ್ಟಿಲ್ಲದ ಸಿಡುಕು ಮುಖ

ನಮ್ಮಕ್ಕ ಬ್ಯಾಂಕೊಂದರ ಕೌಂಟರಿನಲ್ಲಿ ಬಹಳ ವರ್ಷ ಕೂತವಳು. ‘ಆ ಮೇಡಂ ಯಾವಾಗಲೂ ಸಿಡಿಸಿಡಿ’ ಎಂದು ಯಾರೋ ಆಡಿದ ಮಾತು ಕಿವಿಗೆ ಬಿದ್ದು, ಒಂದು ಸಂಜೆ ಮನೆಗೆ ಬಂದು ಅತ್ತುಬಿಟ್ಟಳು. ಯಾರಿಗೂ ಗದರಿ ಗೊತ್ತಿಲ್ಲದವಳು ಅವಳು. ಅವಳ ಮುಖ ಸುಮ್ಮನಿದ್ದಾಗ ಹಾಗೆ ಕಾಣುತ್ತದೆ, ಅಷ್ಟೇ.

ತುಟಿಯ ಅಂಚಿನಿಂದ ಗಲ್ಲದ ಕಡೆಗೆ ಒಂದು ಪುಟ್ಟ ಸ್ನಾಯು ಇಳಿಯುತ್ತದೆ. ದುಃಖ ಬಂದಾಗ ತುಟಿಯಂಚನ್ನು ಕೆಳಗೆಳೆಯುವುದು ಅದೇ. ಚಾರ್ಲ್ಸ್ ಡಾರ್ವಿನ್ ಭಾವಾಭಿವ್ಯಕ್ತಿಯ ಬಗ್ಗೆ 1872ರಲ್ಲಿ ತಂದ ಪುಸ್ತಕದಲ್ಲಿ, ರೈಲಿನಲ್ಲಿ ತನ್ನೆದುರು ಕೂತಿದ್ದ ವೃದ್ಧೆಯೊಬ್ಬರ ಬಗ್ಗೆ ಬರೆದಿದ್ದಾನೆ. ಆಕೆಯ ತುಟಿಯಂಚು ತುಸುವೇ ಇಳಿಯಿತು. ಉಳಿದ ಮುಖ ಶಾಂತವಾಗಿಯೇ ಇದ್ದುದರಿಂದ ಇದಕ್ಕೇನೂ ಅರ್ಥವಿರಲಾರದು ಎಂದುಕೊಳ್ಳುವಷ್ಟರಲ್ಲಿ ಆಕೆಯ ಕಣ್ಣು ತುಂಬಿ ಬಂತು. ಇಳಿದ ತುಟಿಯಂಚನ್ನು ನಾವು ದುಃಖವೆಂದೇ ಓದುವುದು ಅದಕ್ಕೇ. ಆದರೆ ಕೆಲವರಿಗೆ ಅದು ಹುಟ್ಟಿನಿಂದಲೇ ಹಾಗಿರುತ್ತದೆ. ಇನ್ನು ಕೆಲವರಿಗೆ ವಯಸ್ಸಾಗಿ ಕೆನ್ನೆ ಜೋತಾಗ ಇಳಿಯುತ್ತದೆ. ನೋಡುವವರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಸಿಟ್ಟಿನ ಕಳೆ ಬರುವುದು ಹುಬ್ಬಿನಿಂದ. ಕನ್ನಡಿಯ ಮುಂದೆ ನೇರ ನಿಂತು, ನೋಟವನ್ನು ಕನ್ನಡಿಯಲ್ಲೇ ಇಟ್ಟು ಗಲ್ಲವನ್ನು ಸ್ವಲ್ಪ ತಗ್ಗಿಸಿ. ಯಾವ ಸ್ನಾಯುವೂ ಅಲುಗಾಡದೆಯೇ ಹುಬ್ಬುಗಳು ಮೂಗಿನತ್ತ ಇಳಿದಂತೆ ಕಾಣುತ್ತವೆ, ನೋಟ ಗದರಿಸುತ್ತದೆ. ಅಕ್ಕನದ್ದು ಇದೇ ಆಗಿತ್ತು. ತಲೆ ತಗ್ಗಿಸಿ ಚಲನ್ ಓದುತ್ತ, ಕನ್ನಡಕದ ಮೇಲಿಂದ ಕಣ್ಣಷ್ಟೇ ಎತ್ತಿ ‘ಏನು?’ ಅನ್ನುತ್ತಿದ್ದಳು. ಸಾಲದ್ದಕ್ಕೆ ಕನ್ನಡಕದ ಪವರ್ ಹಳೆಯದಾಗಿ, ಅಕ್ಷರ ಕಾಣಲು ಹುಬ್ಬು ಗಂಟಿಕ್ಕುವುದೂ ಅಭ್ಯಾಸವಾಗಿತ್ತು.

ಅವಳು ಮೊದಲು ಕನ್ನಡಕ ಬದಲಿಸಿದಳು. ಆಮೇಲೆ, ಯಾರಾದರೂ ಬಂದರೆ ಕಣ್ಣಷ್ಟೇ ಅಲ್ಲ, ಗಲ್ಲವನ್ನೂ ಎತ್ತಿ ನೋಡುವುದು, ಕ್ಷಣಮಾತ್ರ ಹುಬ್ಬು ಮೇಲೇರಿಸುವುದು, ಆಮೇಲೆ ಮಾತು. ನಾವು ಗುರುತಿನವರನ್ನು ಕಂಡಾಗ ನಮಗರಿವಿಲ್ಲದೆ ಮಾಡುವುದು ಇದನ್ನೇ. ತುಟಿ ಮುಚ್ಚಿದ್ದರೂ ಒಳಗೆ ಹಲ್ಲುಗಳು ತಾಗದಂತೆ ಬಿಟ್ಟರೆ ದವಡೆ ಸಡಿಲಾಗಿ ಬಾಯಿಯ ಬಿಗಿ ಇಳಿಯುತ್ತದೆ. ಇಡೀ ದಿನ ನಗುವನ್ನು ಅಂಟಿಸಿಕೊಳ್ಳುವುದು ಬೇಡ. ಕಣ್ಣು ಸೇರದ ನಗು ಬೇಗ ಸಿಕ್ಕಿಬೀಳುತ್ತದೆ.

ದಿಟ್ಟಿಸುವುದೂ ಬೇಡ. ಮೂರು ಸೆಕೆಂಡಿನ ಆಸುಪಾಸು ನೋಡಿ, ಕಣ್ಣನ್ನು ಪಕ್ಕಕ್ಕೆ ಸರಿಸಿ ಮತ್ತೆ ನೋಡಿದರೆ ಎದುರಿನವರಿಗೆ ಹಿತ. ಹಿರಿಯರ ಮುಂದೆ ಕಣ್ಣು ತಗ್ಗಿಸಿ ಬೆಳೆದವರಿಗೆ ಅಷ್ಟೂ ಕಷ್ಟವೆನಿಸಿದರೆ ಹುಬ್ಬುಗಳ ನಡುವೆ ನೋಡಲಿ, ಮಾತಿನ ದೂರದಲ್ಲಿ ಅದು ಗೊತ್ತಾಗುವುದಿಲ್ಲ.

ಇವು ಮುಖದ ಎಲುಬನ್ನಾಗಲಿ ಜೋತ ಚರ್ಮವನ್ನಾಗಲಿ ಬದಲಿಸುವುದಿಲ್ಲ. ಒಂದು ಎಚ್ಚರ ಮಾತ್ರ ಇರಲಿ. ಮೊದಲು ಲವಲವಿಕೆಯಿದ್ದ ಮುಖ ತಿಂಗಳುಗಳಲ್ಲಿ ಮರಗಟ್ಟಿದಂತಾಗಿ, ರೆಪ್ಪೆ ಬಡಿಯುವುದೂ ಕಡಿಮೆಯಾದರೆ ಅದು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣವಿರಬಹುದು, ನರರೋಗ ತಜ್ಞರಿಗೆ ತೋರಿಸಿ. ತುಟಿಯ ಒಂದೇ ಬದಿ ಇದ್ದಕ್ಕಿದ್ದಂತೆ ಜೋತರೆ ಮರುದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ.