ಮಿಂದ ಮೈಗೆ ಮತ್ತೆ ಮಣ್ಣೇಕೆ?

ಪ್ರಶ್ನೆ: ಶಿವಮೊಗ್ಗದ ಸಕ್ರೆಬೈಲಿಗೆ ಹೋಗಿದ್ದೆವು. ಮಾವುತರು ತುಂಗೆಯ ಹಿನ್ನೀರಿನಲ್ಲಿ ತಿಕ್ಕಿ ತೊಳೆದ ಆನೆ ದಡಕ್ಕೆ ಬಂದದ್ದೇ ಬೆನ್ನ ಮೇಲೆ ಮಣ್ಣು ಎರಚಿಕೊಂಡಿತು. ಯಾಕೆ?
– ಓದುಗರೊಬ್ಬರು, ಐನಾಪುರ

ಉತ್ತರ: ಆನೆಗೆ ಅದು ಸ್ನಾನದ ಎರಡನೆಯ ಭಾಗ. ಉಗುರಿನ ಸುತ್ತಮುತ್ತ ಬಿಟ್ಟರೆ ಅದರ ಮೈಯಲ್ಲಿ ಬೆವರಿನ ಗ್ರಂಥಿಗಳಿಲ್ಲ. ನಮ್ಮ ಚರ್ಮಕ್ಕೆ ಎಣ್ಣೆಯಂಶ ಕೊಡುವ ಗ್ರಂಥಿಗಳೂ ಇಲ್ಲ. ಮೈ ತಂಪಾಗಬೇಕಾದರೆ ನೀರು ಹೊರಗಿನಿಂದಲೇ ಬರಬೇಕು, ಬಂದದ್ದು ಬೇಗ ಆರಬಾರದು. ಒದ್ದೆ ಚರ್ಮದ ಸುಕ್ಕುಗಳಲ್ಲಿ ಕೂತ ಕೆಸರು ಆ ತೇವವನ್ನು ಹಿಡಿದಿಡುತ್ತದೆ. ಆಫ್ರಿಕದ ಆನೆಯಲ್ಲಿ ಇದು ಇನ್ನೂ ಸ್ಪಷ್ಟ: ಅದರ ಚರ್ಮದ ಸೂಕ್ಷ್ಮ ಬಿರುಕುಗಳು ನುಣುಪಾದ ಮೈಗಿಂತ ಐದರಿಂದ ಹತ್ತು ಪಟ್ಟು ನೀರು ಹಿಡಿಯುತ್ತವೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಮ್ಮ ಆನೆಯ ಚರ್ಮ ಅಷ್ಟು ಬಿರುಕಿನದಲ್ಲ.

ಬಿಸಿಲೂ ಇದೆ, ನೊಣಗಳೂ ಇವೆ. ಚರ್ಮ ಕೆಲವೆಡೆ ಎರಡು ಸೆಂಟಿಮೀಟರಿಗಿಂತಲೂ ದಪ್ಪವಿದ್ದರೂ ರಕ್ತ ಹೀರುವ ನೊಣ ಅದನ್ನು ಚುಚ್ಚಬಲ್ಲದು. ಕೂದಲು ವಿರಳವಾದ ಬೆನ್ನಿಗೆ ಮಣ್ಣಿನ ಲೇಪವೇ ಹೊದಿಕೆ. ಒಣಗಿದ ಮೇಲೆ ಆನೆ ಮರಕ್ಕೆ ಮೈ ಉಜ್ಜುತ್ತದೆ. ಉದುರುವ ಹೆಂಟೆಯ ಜೊತೆ ಉಣ್ಣೆಗಳೂ ಉದುರಬಹುದು.

ಮುಂದಿನ ಸಲ ಕಾಲನ್ನು ಗಮನಿಸಿ. ಮುಂಗಾಲಿನಿಂದ ನೆಲ ಕೆದರಿ ಮಣ್ಣು ಸಡಿಲ ಮಾಡುತ್ತದೆ, ಸೊಂಡಿಲ ತುದಿ ಮಡಚಿ ಅದನ್ನು ಒಟ್ಟು ಮಾಡಿ, ಬೀಸುತ್ತಲೇ ಉಸಿರು ಊದಿ ಬೆನ್ನಿಗೆ ಹಾರಿಸುತ್ತದೆ. ಕಿವಿ ಬೀಸದೆ, ಮಣ್ಣು ಎರಚಿಕೊಳ್ಳದೆ ಸುಮ್ಮನೆ ನಿಂತ ಆನೆಯನ್ನು ಕಂಡರೆ ಮಾವುತರಿಗೆ ಅದರ ಆರೋಗ್ಯದ ಬಗ್ಗೆ ಅನುಮಾನ ಬರುತ್ತದೆ.