ನಿಮ್ಮ ಬರ್ತ್‌ನಲ್ಲಿ ಬೇರೆಯವರಿದ್ದರೆ

ಮಧ್ಯರಾತ್ರಿ 12.20ಕ್ಕೆ ಅರಸೀಕೆರೆಯಲ್ಲಿ ರೈಲು ಹತ್ತಿ ಎಸ್4 ಬೋಗಿಯ 25ನೇ ಬರ್ತ್ ಹತ್ತಿರ ಹೋದರೆ, ನನಗಿಂತ ಮೊದಲೇ ಹತ್ತಿದ್ದ ಹಿರಿಯರೊಬ್ಬರು ಅಲ್ಲಿ ಚಾದರ ಹಾಸುತ್ತಿದ್ದರು. "ಇದು ನಂದೇ ಸೀಟು, ನೋಡಿ" ಎಂದು ಟಿಕೆಟ್ ತೋರಿಸಿದರು. ರೈಲು ಅದೇ, ಬೋಗಿ ಅದೇ, ಬರ್ತೂ ಅದೇ. ತಾರೀಕು ಮಾತ್ರ ಬೇರೆ. ಅವರದು 14, ನನ್ನದು 15. ಹದಿನಾಲ್ಕರ ರಾತ್ರಿ ಊಟ ಮುಗಿಸಿ ಸ್ಟೇಷನ್ನಿಗೆ ಬಂದಿದ್ದರು, ಪಾಪ. ಅವರ ರೈಲು ಹಿಂದಿನ ರಾತ್ರಿಯೇ ಹೋಗಿತ್ತು.

ಇಂಥ ಗೊಂದಲ ಆಗಾಗ ಆಗುತ್ತದೆ. ಆದ್ದರಿಂದ ದನಿ ಏರಿಸುವ ಮೊದಲು ಎರಡೂ ಟಿಕೆಟ್ ಪಕ್ಕಪಕ್ಕ ಹಿಡಿದು ರೈಲು ಸಂಖ್ಯೆ, ತಾರೀಕು, ಬೋಗಿ, ಬರ್ತ್ ನೋಡಬೇಕು. ಕೂತವರದು ಆರ್‌ಎಸಿ ಟಿಕೆಟ್ ಆಗಿದ್ದರೆ ಸೈಡ್ ಲೋಯರ್ ಬರ್ತ್‌ನಲ್ಲಿ ಇಬ್ಬರಿಗೆ ಕೂರುವ ಹಕ್ಕಿರುತ್ತದೆ. ಇನ್ನೊಂದು ಸಾಧ್ಯತೆಯೂ ಇದೆ. ಟಿಕೆಟ್‌ನಲ್ಲಿರುವ ಸ್ಟೇಷನ್ ಬಿಟ್ಟು ಮುಂದೆಲ್ಲೋ ನೀವು ಹತ್ತಿದರೆ, ನೀವು ಬರಲಿಲ್ಲವೆಂದು ಟಿಟಿಇ ಆ ಬರ್ತನ್ನು ಬೇರೆಯವರಿಗೆ ಕೊಟ್ಟಿರಬಹುದು. ಆಗ ಜಗಳಕ್ಕೆ ಬಲವಿಲ್ಲ.

ಬರ್ತ್ ನಿಮ್ಮದೇ ಎಂದು ಖಚಿತವಾದರೂ ಎದುರಿನವರು ಏಳದಿದ್ದರೆ ಟಿಟಿಇಯನ್ನು ಕರೆಯಿರಿ. ಯಾವ ಬರ್ತ್ ಯಾರದೆಂದು ಅವರ ಕೈಯಲ್ಲಿರುವ ಪಟ್ಟಿಯೇ ಹೇಳುತ್ತದೆ. ಅವರು ಸಿಗದಿದ್ದರೆ 139ಕ್ಕೆ ಫೋನ್ ಮಾಡಿ, ಇಲ್ಲವೇ ರೈಲ್ ಮದದ್ ಆ್ಯಪ್‌ನಲ್ಲಿ ದೂರು ಬರೆಯಿರಿ. "ನನ್ನ ಸೀಟಲ್ಲಿ ಯಾರೋ ಇದ್ದಾರೆ" ಎಂದಷ್ಟೇ ಹೇಳಿದರೆ ಸಾಲದು. ಪಿಎನ್‌ಆರ್, ಬೋಗಿ, ಬರ್ತ್, ಮುಂದಿನ ಸ್ಟೇಷನ್ ಯಾವುದು ಎಂಬುದನ್ನು ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಟಿಟಿಇ ಅಥವಾ ರೈಲ್ವೆ ಪೊಲೀಸರು ನಿಮ್ಮನ್ನು ಹುಡುಕಿಕೊಂಡು ಬರುವುದು ಈ ವಿವರ ಹಿಡಿದೇ. ಹೊಡೆದಾಟಕ್ಕಂತೂ ಇಳಿಯಬೇಡಿ, ಅಲ್ಲಿಗೆ ನಿಮ್ಮ ಮೇಲೂ ದೂರು ಬೀಳುತ್ತದೆ. 1989ರ ರೈಲ್ವೆ ಕಾಯ್ದೆಯ 155ನೇ ಕಲಂ ಪ್ರಕಾರ, ಬೇರೆಯವರಿಗೆ ಕಾದಿರಿಸಿದ ಜಾಗ ಬಿಡದವರನ್ನು ಎಬ್ಬಿಸುವ ಅಧಿಕಾರ ರೈಲ್ವೆ ಸಿಬ್ಬಂದಿಗಿದೆ. 500 ರೂಪಾಯಿವರೆಗೆ ದಂಡವೂ ಬೀಳಬಹುದು.

ಹಗಲಿನ ಲೆಕ್ಕ ಮಾತ್ರ ಬೇರೆ. ಮಲಗುವ ಹೊತ್ತು ರಾತ್ರಿ 10ರಿಂದ ಬೆಳಿಗ್ಗೆ 6. ಉಳಿದ ಹೊತ್ತಿನಲ್ಲಿ ಲೋಯರ್ ಬರ್ತ್ ಎಂದರೆ ಮಿಡ್ಲ್, ಅಪ್ಪರ್‌ನವರಿಗೂ ಸೇರಿದ ಕೂರುವ ಸೀಟು. ಅವರನ್ನು ಎಬ್ಬಿಸುವ ಹಕ್ಕು ನಮಗಿಲ್ಲ.

ಆ ರಾತ್ರಿ ಟಿಟಿಇ ಬಂದು ಹಿರಿಯರ ಟಿಕೆಟ್ ನೋಡಿ, ಅದು ನಡೆಯುವುದಿಲ್ಲವೆಂದರು. ಹೊಸದಾಗಿ ಪ್ರಯಾಣದ ದರ, ಮೇಲೆ ದಂಡ ಕಟ್ಟಿಸಿಕೊಂಡು, ಖಾಲಿಯಿದ್ದ ಅಪ್ಪರ್ ಬರ್ತ್ ಒಂದನ್ನು ಬರೆದುಕೊಟ್ಟರು. ಅವರಿಗೆ ಮೇಲೆ ಹತ್ತಲು ಮಂಡಿ ನೋವು. ನಾನೇ ಮೇಲೆ ಹೋದೆ.