ಜರ್ಮನಿಯಲ್ಲಿ ಕೂತು ಜೋಯಿಡಾದ ಕೆಲಸ: ನಿಮಗಿದು ಗೊತ್ತೇ?

ಹಳಿಯಾಳದಲ್ಲಿ ಎಂಜಿನಿಯರಿಂಗ್ ಮುಗಿಸಿದ ಹುಡುಗನೊಬ್ಬ ಬ್ಲೂ ಕಾರ್ಡ್ ಪಡೆದು ಮ್ಯೂನಿಕ್‌ನಲ್ಲಿ ನೌಕರಿಗಿದ್ದಾನೆ ಎಂದುಕೊಳ್ಳಿ. ಜೋಯಿಡಾದಲ್ಲಿ ಅವನ ಮಾವನದೊಂದು ಹೋಮ್‌ಸ್ಟೇ. ಅದರ ವೆಬ್‌ಸೈಟು, ಬುಕಿಂಗು ಎಲ್ಲ ಇವನೇ ರಾತ್ರಿ ಹೊತ್ತು ನೋಡಿಕೊಳ್ಳುತ್ತಾನೆ. ತಿಂಗಳಿಗೆ 10,000 ರೂಪಾಯಿ ಹಳಿಯಾಳದ ಬ್ಯಾಂಕ್ ಖಾತೆಗೆ ಬೀಳುತ್ತದೆ. ಗಿರಾಕಿ ಭಾರತದವರು, ದುಡ್ಡೂ ಭಾರತದ್ದು. ಆದರೂ ಕಾನೂನಿನ ಕಣ್ಣಿಗೆ ಈ ಕೆಲಸ ನಡೆಯುವುದು ಜರ್ಮನಿಯಲ್ಲೇ. ದುಡಿಯುವವನು ಕೂತಿರುವ ಜಾಗವೇ ಲೆಕ್ಕಕ್ಕೆ ಬರುವುದು.

ನಿಮಗಿದು ಗೊತ್ತೇ? ಈ ಕೆಲಸಕ್ಕೆ ಅನುಮತಿ ಇದೆಯೇ ಎಂಬುದರ ಉತ್ತರ ಬಹುತೇಕ ಕಾರ್ಡಿನ ಜೊತೆ ಕೊಡುವ ಹಸಿರು ಹಾಳೆಯಲ್ಲೇ ಇರುತ್ತದೆ. ಅಲ್ಲಿ ‘ಎರ್ವೆರ್ಬ್ಸ್‌ಟೇಟಿಗ್‌ಕೈಟ್’ಗೆ ಅನುಮತಿ ಎಂದಿದ್ದರೆ ನೌಕರಿ, ಸ್ವಂತ ದುಡಿಮೆ ಎರಡಕ್ಕೂ ದಾರಿ ಇದೆ. ‘ಬೆಶೆಫ್ಟಿಗುಂಗ್’ ಎಂದಷ್ಟೇ ಇದ್ದರೆ ಅದು ನೌಕರಿಗೆ ಮಾತ್ರ. ಫ್ರೀಲಾನ್ಸ್ ಅದರೊಳಗೆ ಬರುವುದಿಲ್ಲ.

ಹಾಗಿದ್ದರೂ ಬಾಗಿಲು ಮುಚ್ಚಿಲ್ಲ. ವಾಸ್ತವ್ಯ ಕಾಯ್ದೆಯ 21ನೇ ಕಲಮಿನ 6ನೇ ಉಪಕಲಮಿನಡಿ, ನೌಕರಿ ಉಳಿಸಿಕೊಂಡೇ ಪಕ್ಕದಲ್ಲಿ ಸ್ವಂತ ಕೆಲಸ ಮಾಡಲು ವಿದೇಶಿಯರ ಕಚೇರಿ ಅನುಮತಿ ಕೊಡಬಹುದು. ಕೆಲಸ ಯಾವುದು, ವಾರಕ್ಕೆ ಎಷ್ಟು ತಾಸು, ಯಾರಿಗಾಗಿ ಎಂದು ಬರೆದು, ಕಂಪನಿಯ ಒಪ್ಪಿಗೆ ಪತ್ರವನ್ನೂ ಲಗತ್ತಿಸಿ ಅರ್ಜಿ ಹಾಕುವುದು ಒಳ್ಳೆಯದು. ಅನುಮತಿ ಕೈಗೆ ಬಂದ ಮೇಲೆಯೇ ಕೆಲಸ ಶುರು. ಶುರುವಾದ ಒಂದು ತಿಂಗಳೊಳಗೆ ತೆರಿಗೆ ಕಚೇರಿಗೂ ತಿಳಿಸಬೇಕು.

ನೌಕರಿಯ ಕರಾರಿನಲ್ಲಿ ‘ಪಕ್ಕದ ಕೆಲಸ’ದ ಬಗ್ಗೆ ಒಂದು ಷರತ್ತು ಸಾಮಾನ್ಯವಾಗಿ ಇರುತ್ತದೆ. ಕಾರಣವಿಲ್ಲದೆ ಎಲ್ಲಕ್ಕೂ ನಿಷೇಧ ಹೇರುವ ಷರತ್ತು ಅಲ್ಲಿನ ನ್ಯಾಯಾಲಯಗಳಲ್ಲಿ ನಿಲ್ಲುವುದಿಲ್ಲ. ಮೊದಲೇ ತಿಳಿಸಬೇಕೆಂಬ ಷರತ್ತು ಮಾತ್ರ ನಿಲ್ಲುತ್ತದೆ. ಕಂಪನಿಯ ಎದುರಾಳಿಗೆ ದುಡಿಯುವಂತಿಲ್ಲ. ಬಹಳ ಜನ ಎಡವುವುದು ಇಲ್ಲೇ: ಎಚ್‌ಆರ್ ಒಪ್ಪಿದರು ಎಂದು ಖುಷಿಯಾಗುತ್ತಾರೆ. ಎಚ್‌ಆರ್ ಕೊಡುವುದು ಕರಾರಿನ ಒಪ್ಪಿಗೆ. ವೀಸಾದ ಒಪ್ಪಿಗೆ ಸರ್ಕಾರದ್ದು, ಒಂದರಿಂದ ಇನ್ನೊಂದು ಬರುವುದಿಲ್ಲ. ತೆರಿಗೆ ಕಟ್ಟಿದ ರಸೀದಿಯೂ ಅನುಮತಿಯಲ್ಲ.

ದಾಂಡೇಲಿಯ ಮನೆಯನ್ನು ಬಾಡಿಗೆಗೆ ಕೊಟ್ಟು ದುಡ್ಡು ತೆಗೆದುಕೊಂಡರೆ? ಸುಮ್ಮನೆ ಬರುವ ಬಾಡಿಗೆಯನ್ನು ಸಾಮಾನ್ಯವಾಗಿ ಕೆಲಸ ಎನ್ನುವುದಿಲ್ಲ. ಅದೇ ಮನೆಯನ್ನು ಹೋಮ್‌ಸ್ಟೇ ಮಾಡಿ, ದಿನಾ ಅತಿಥಿಗಳ ಜೊತೆ ವ್ಯವಹರಿಸತೊಡಗಿದರೆ ಮಾತು ಬೇರೆ. ಅನಿವಾಸಿಯಾದ ಮೇಲೆ ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಮುಂಡಗೋಡಿನಲ್ಲಿದ್ದರೂ ಜೋಯಿಡಾದಲ್ಲಿದ್ದರೂ ಬ್ಯಾಂಕಿನ ನಿಯಮ ಒಂದೇ.

ಅಮೆರಿಕದ ಎಚ್-1ಬಿ ಇನ್ನೂ ಬಿಗಿ. ಅರ್ಜಿ ಹಾಕಿದ ಕಂಪನಿಗಷ್ಟೇ ದುಡಿಯಬಹುದು. ಇನ್ನೊಂದು ಕಡೆಯೂ ಕೆಲಸ ಮಾಡಬೇಕೆಂದರೆ ಆ ಎರಡನೆಯ ಕಂಪನಿಯೂ ಪ್ರತ್ಯೇಕ ಅರ್ಜಿ ಹಾಕಬೇಕು. ಮಾವನ ಹೋಮ್‌ಸ್ಟೇ ಹೆಸರಲ್ಲಿ ಅದು ಆಗದ ಮಾತು. ಎಚ್-1ಬಿಯಲ್ಲಿರುವವರು ಬುಕಿಂಗ್ ಕೆಲಸವನ್ನು ಊರಿನಲ್ಲೇ ಇರುವ ತಮ್ಮನಿಗೋ ತಂಗಿಗೋ ಒಪ್ಪಿಸಿ, ಸಂಬಳವೂ ಅವರ ಖಾತೆಗೇ ಹೋಗುವಂತೆ ಮಾಡಲಿ.